ಬೇಸಿಗೆಯಲ್ಲಿ ವಾಪಸ್ ಬಂದ ಆರು ಟ್ರೇ: ಮೊಟ್ಟೆ ಎಲ್ಲಿ ಕೆಟ್ಟಿತು ಎಂದು ಹುಡುಕುವುದು ಹೇಗೆ

ಅಣ್ಣಂದಿರೇ, ಅಕ್ಕಂದಿರೇ, ನಮಸ್ಕಾರ.

ನಮ್ಮದು ಗಂಗಾವತಿ ಕಡೆ. ಮುನ್ನೂರು ಸ್ವರ್ಣಧಾರ ತಳಿಯ ಹೇಂಟೆ, ಜೊತೆಗೆ ಹುಂಜಗಳು. ಪಂಜರ ಇಲ್ಲ, ನೆಲದ ಮೇಲೆ ಭತ್ತದ ಹೊಟ್ಟು ಹಾಸಿ ಸಾಕುತ್ತೇನೆ. ಬಿಸಿಲು ಕಾಲದಲ್ಲಿ ದಿನಕ್ಕೆ ನೂರೈವತ್ತು ಮೊಟ್ಟೆ ಸಿಗುತ್ತವೆ, ಅಂದರೆ ಐದು ಟ್ರೇ. ನಾಲ್ಕು ದಿನಕ್ಕೊಮ್ಮೆ ಊರಿನ ಅಂಗಡಿಗೆ ಕೊಡುತ್ತೇನೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಕೊಟ್ಟಿದ್ದ ಇಪ್ಪತ್ತು ಟ್ರೇಯಲ್ಲಿ ಆರು ವಾಪಸ್ ಬಂದವು. ಅಂಗಡಿಯವರು ಹೇಳಿದ್ದು ಇಷ್ಟೇ: "ಮೊಟ್ಟೆ ಸರಿಯಿಲ್ಲ." ಏನು ಸರಿಯಿಲ್ಲ ಎಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗುಂಡಿ ತೋಡಿ ಹೂಳೋಣ ಅಂತ ಮೊದಲು ಅನ್ನಿಸಿತು. ಆದರೆ ಹೂತರೆ ಮುಂದಿನ ವಾರ ಮತ್ತೆ ಆರು ಟ್ರೇ ಬರುತ್ತದೆ, ಅಲ್ವಾ? ಅದಕ್ಕೆ ನಾನು ಮತ್ತು ಮನೆಯವಳು ಕೂತು ನೂರೆಂಬತ್ತು ಮೊಟ್ಟೆಯನ್ನೂ ಒಂದೊಂದಾಗಿ ನೋಡಿದೆವು. ಆವತ್ತು ಕಲಿತದ್ದನ್ನೇ ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಮೊದಲು ಬೆಳಕು, ಆಮೇಲೆ ತಟ್ಟೆ

ಕತ್ತಲೆ ಕೋಣೆ ಬೇಕು. ಮೊಬೈಲಿನ ಟಾರ್ಚ್ ಸಾಕು. ಒಂದು ದಪ್ಪ ರಟ್ಟಿನಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕ ತೂತು ಮಾಡಿ ಟಾರ್ಚಿನ ಮೇಲಿಡಿ. ಮೊಟ್ಟೆಯ ದಪ್ಪ ತುದಿಯನ್ನು ಆ ತೂತಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ದಪ್ಪ ತುದಿಯಲ್ಲಿ ಗಾಳಿಯ ಜಾಗ ಕಾಣುತ್ತದೆ. ಹೊಸ ಮೊಟ್ಟೆಯಲ್ಲಿ ಅದರ ಆಳ ಸುಮಾರು 3 ಮಿಲಿಮೀಟರ್ ಇರುತ್ತದೆ. ದಿನ ಕಳೆದಂತೆ, ಸೆಕೆ ತಗುಲಿದಂತೆ ಅದು ದೊಡ್ಡದಾಗುತ್ತದೆ.

ಬೆಳಕಿನಲ್ಲಿ ಅನುಮಾನ ಬಂದವನ್ನು ಚಪ್ಪಟೆ ತಟ್ಟೆಗೆ ಒಡೆಯಿರಿ. ಒಂದೊಂದನ್ನೂ ಬೇರೆ ಬೇರೆ ಬಟ್ಟಲಿಗೆ ಒಡೆದು ತಟ್ಟೆಗೆ ಸುರಿಯುವುದು ಒಳ್ಳೆಯದು, ಒಂದು ಕೊಳೆತದ್ದು ಸಿಕ್ಕರೆ ಆ ವಾಸನೆಯಲ್ಲಿ ಉಳಿದವು ತಿಳಿಯುವುದಿಲ್ಲ.

ನಮ್ಮ ನೂರೆಂಬತ್ತರಲ್ಲಿ ಮೂರು ಬಗೆ ಸಿಕ್ಕವು. ಮೂವತ್ತೊಂದರಲ್ಲಿ ಹಳದಿಯ ಮೇಲೆ ಬಳೆಯ ಹಾಗೆ ಕೆಂಪು ಗೆರೆ. ಹದಿನಾಲ್ಕು ವಾಸನೆ ಬಂದಿದ್ದವು, ಕೆಲವಕ್ಕೆ ಬಿಳಿ ಲೋಳೆ ಹಸಿರು ತಿರುಗಿತ್ತು. ಉಳಿದವುಗಳಲ್ಲಿ ಬಹಳಷ್ಟಕ್ಕೆ ವಾಸನೆ ಇಲ್ಲ, ಕೆಂಪೂ ಇಲ್ಲ, ಆದರೆ ಲೋಳೆ ನೀರಿನ ಹಾಗೆ ತಟ್ಟೆ ತುಂಬ ಹರಿಯಿತು, ಹಳದಿ ಚಪ್ಪಟೆಯಾಗಿ ಮುಟ್ಟಿದರೆ ಒಡೆಯುತ್ತಿತ್ತು.

ನಾನು ಅಲ್ಲಿಯವರೆಗೆ "ಬಿಸಿಲಿಗೆ ಕೆಟ್ಟಿವೆ" ಎಂದು ಒಂದೇ ಮಾತಲ್ಲಿ ಹೇಳುತ್ತಿದ್ದೆ. ಇಲ್ಲಿ ಇದ್ದದ್ದು ಮೂರು ಬೇರೆ ಬೇರೆ ತಪ್ಪು. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನು ಮರೆಯಬೇಡಿ. ಇವತ್ತು ಬೆಳಿಗ್ಗೆ ಇಟ್ಟ, ಇನ್ನೂ ಬೆಚ್ಚಗಿರುವ ನಾಲ್ಕೈದು ಮೊಟ್ಟೆಯನ್ನು ಪಕ್ಕದಲ್ಲೇ ಒಡೆದು ನೋಡಿ. ಅವುಗಳಲ್ಲೂ ಲೋಳೆ ನೀರಾಗಿದ್ದರೆ ತಪ್ಪು ನಿಮ್ಮ ಕೋಣೆಯದ್ದಲ್ಲ, ಕೋಳಿಯದ್ದು. ಕೋಳಿಗೆ ವಯಸ್ಸಾಗಿರಬಹುದು, ಅಥವಾ ಉಸಿರಾಟದ ಸೋಂಕು ಬಂದು ಹೋಗಿರಬಹುದು. ಆಗ ಪಶುವೈದ್ಯರನ್ನು ಕೇಳಬೇಕು, ಮೊಟ್ಟೆ ತಂಪು ಮಾಡಿ ಉಪಯೋಗವಿಲ್ಲ. ನಮ್ಮಲ್ಲಿ ಬೆಚ್ಚಗಿನ ಮೊಟ್ಟೆ ಗಟ್ಟಿಯಾಗಿ, ಹಳದಿ ಗುಂಡಗೆ ನಿಂತಿತು. ಅಂದರೆ ಕೋಳಿ ಕೊಟ್ಟದ್ದು ಚೆನ್ನಾಗಿತ್ತು, ಕೆಡಿಸಿದ್ದು ನಾವೇ.

ಕೆಂಪು ಬಳೆ ಕಂಡರೆ

ಇದು ಸುಲಭವಾಗಿ ಪತ್ತೆಯಾಗುವ ತಪ್ಪು. ಒಂದು ಚುಕ್ಕೆ ರಕ್ತವಿದ್ದರೆ ಬೇರೆ ವಿಷಯ, ಅದು ಮೊಟ್ಟೆ ಕೋಳಿಯ ಒಳಗೆ ರೂಪುಗೊಳ್ಳುವಾಗ ಸಣ್ಣ ನರ ಒಡೆದು ಆಗುವುದು, ಹೊಸ ಮೊಟ್ಟೆಯಲ್ಲೂ ಇರುತ್ತದೆ. ಆದರೆ ಗುಂಡಗೆ ಬಳೆಯ ಹಾಗೆ ಇದ್ದರೆ ಅಲ್ಲಿ ಮರಿ ಬೆಳೆಯಲು ಶುರುವಾಗಿ ಸತ್ತಿದೆ ಎಂದರ್ಥ.

ಹುಂಜ ಜೊತೆಗಿದ್ದರೆ ಮೊಟ್ಟೆಯಲ್ಲಿ ಜೀವ ಇರುತ್ತದೆ. 20 ಡಿಗ್ರಿಯ ಒಳಗಿದ್ದರೆ ಅದು ಮಲಗಿರುತ್ತದೆ. 27-28 ದಾಟಿದರೆ ನಿಧಾನವಾಗಿ ಏಳುತ್ತದೆ. ಮರಿ ಮಾಡುವ ಯಂತ್ರದಲ್ಲಿ ಇಡುವುದೇ 37.5 ಡಿಗ್ರಿಗೆ. ನಮ್ಮ ಸಿಮೆಂಟ್ ಶೀಟಿನ ಕೋಣೆ ಮಧ್ಯಾಹ್ನ 38 ಇತ್ತು! ಹಗಲು ಕಾವು ಕೊಡುವುದು, ರಾತ್ರಿ ಬಿಡುವುದು, ಹೀಗೆ ಎರಡು ಮೂರು ದಿನವಾದರೆ ಜೀವ ಸ್ವಲ್ಪ ಬೆಳೆದು ಸಾಯುತ್ತದೆ. ಉಳಿಯುವುದು ಆ ಬಳೆ.

ಫಾರಂ ಪಂಜರದ ಬಿಳಿ ಮೊಟ್ಟೆಯವರಿಗೆ ಈ ತೊಂದರೆ ಇಲ್ಲ, ಅಲ್ಲಿ ಹುಂಜವೇ ಇರುವುದಿಲ್ಲ. ನಾಟಿ, ಗಿರಿರಾಜ, ಸ್ವರ್ಣಧಾರ ಸಾಕುವ ನಮ್ಮಂಥವರಿಗೇ ಇದು ಬರುವುದು.

ಮರಿ ಮಾಡಿಸುವ ಕೆಲಸ ಇಲ್ಲದಿದ್ದರೆ ಫೆಬ್ರವರಿ ಮುಗಿಯುವ ಮೊದಲೇ ಹುಂಜಗಳನ್ನು ಬೇರೆ ಮಾಡಿ. ಹೇಂಟೆ ಮೊಟ್ಟೆ ಇಡಲು ಹುಂಜ ಬೇಕಿಲ್ಲ. ಆದರೆ ಇವತ್ತು ಬೇರೆ ಮಾಡಿದರೆ ನಾಳೆಯಿಂದಲೇ ಫಲ ಸಿಗುವುದಿಲ್ಲ. ಹುಂಜ ಹೋದ ಮೇಲೂ ಎರಡರಿಂದ ಮೂರು ವಾರ ಮೊಟ್ಟೆಯಲ್ಲಿ ಜೀವ ಬರುತ್ತಲೇ ಇರುತ್ತದೆ. ನಾನು ಏಪ್ರಿಲ್ ಮಧ್ಯದಲ್ಲಿ ಬೇರೆ ಮಾಡಿದೆ. ಮೊದಲ ವಾರ ಬಳೆ ಹಾಗೇ ಇತ್ತು, ಮೇ ಎರಡನೇ ವಾರಕ್ಕೆ ಒಂದೂ ಕಾಣಲಿಲ್ಲ. ನಡುವೆ ಅಂಜಿ ಬಿಟ್ಟುಬಿಟ್ಟಿದ್ದರೆ ಇದು ಮದ್ದಲ್ಲ ಅಂತ ತಪ್ಪು ತಿಳಿಯುತ್ತಿದ್ದೆ.

ಕಾವಿಗೆ ಕೂತ ಕೋಳಿಯನ್ನೂ ಗೂಡಿನಿಂದ ಎಬ್ಬಿಸಬೇಕು. ಅದರ ಹೊಟ್ಟೆಯ ಕೆಳಗೆ ಬೇರೆ ಕೋಳಿಗಳು ಇಟ್ಟ ಮೊಟ್ಟೆಯೂ ಸೇರಿ ಕಾವು ಪಡೆಯುತ್ತದೆ.

ವಾಸನೆ ಬಂದರೆ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಯಾಕೆಂದರೆ ಈ ತಪ್ಪನ್ನು ನಾವು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೇವೆ.

ನಮ್ಮ ಮನೆಯಲ್ಲಿ ಕೊಳೆ ಹತ್ತಿದ ಮೊಟ್ಟೆಯನ್ನು ಬಕೆಟ್ ನೀರಿಗೆ ಹಾಕಿ, ಕೈಯಿಂದ ಉಜ್ಜಿ, ಟ್ರೇಗೆ ಇಡುತ್ತಿದ್ದೆವು. ನೋಡಲು ಚೊಕ್ಕ, ಚೆಂದ. ಆ ಹದಿನಾಲ್ಕು ಕೆಟ್ಟ ಮೊಟ್ಟೆಯ ಚಿಪ್ಪನ್ನು ನೋಡಿದಾಗ ಹೊಳೆದದ್ದು: ಹದಿನಾಲ್ಕರಲ್ಲಿ ಹನ್ನೆರಡು ತೊಳೆದವೇ. ತೊಳೆದ ಚಿಪ್ಪು ಕೈಗೆ ನುಣುಪಾಗಿ, ಸ್ವಲ್ಪ ಹೊಳಪಾಗಿ ಇರುತ್ತದೆ. ತೊಳೆಯದ್ದು ಪುಡಿ ಸವರಿದ ಹಾಗೆ ಮಂದವಾಗಿರುತ್ತದೆ. ಆ ಮಂದ ಬಣ್ಣವೇ ಅದರ ಮೇಲ್ಪೊರೆ.

ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಕೋಳಿ ಮೊಟ್ಟೆ ಇಡುವಾಗ ಅದರ ಮೇಲೆ ಒಂದು ಒದ್ದೆ ಪೊರೆ ಇರುತ್ತದೆ, ಕೆಲವೇ ನಿಮಿಷದಲ್ಲಿ ಒಣಗಿ ರಂಧ್ರಗಳ ಬಾಯಿ ಮುಚ್ಚುತ್ತದೆ. ನಾವು ಉಜ್ಜಿ ತೊಳೆದರೆ ಆ ಮುಚ್ಚಳವನ್ನು ತೆಗೆದ ಹಾಗೆ. ಇದು ಅರ್ಧ ಮಾತು.

ಇನ್ನರ್ಧ ನೀರಿನ ತಂಪಿನದು. ಕೋಳಿಯ ಮೈ 41 ಡಿಗ್ರಿ, ಮೊಟ್ಟೆ ಹೊರಬರುವಾಗ ಅಷ್ಟೇ ಬಿಸಿ. ತಣಿದಂತೆ ಒಳಗಿನ ಲೋಳೆ ಕುಗ್ಗುತ್ತದೆ, ಕುಗ್ಗಿದ ಜಾಗಕ್ಕೆ ಹೊರಗಿನ ಗಾಳಿ ರಂಧ್ರದ ಮೂಲಕ ಒಳಗೆ ಬರುತ್ತದೆ. ಗಾಳಿಯ ಜಾಗ ಆಗುವುದೇ ಹೀಗೆ. ಅಂಥ ಬೆಚ್ಚಗಿನ ಮೊಟ್ಟೆಯನ್ನು ತೊಟ್ಟಿಯ ತಣ್ಣೀರಿಗೆ ಹಾಕಿದರೆ ಅದು ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ. ಬಕೆಟ್ ನೀರಲ್ಲಿ ಏನಿದೆ? ಅದಕ್ಕೂ ಮೊದಲು ತೊಳೆದ ನಲವತ್ತು ಮೊಟ್ಟೆಯ ಹಿಕ್ಕೆ. ನಾವು ಹೊರಗಿನ ಕೊಳೆಯನ್ನು ಕೈಯಾರೆ ಒಳಗೆ ಕಳಿಸುತ್ತಿದ್ದೆವು.

ಮಾತಿಗೆ ನಂಬಬೇಡಿ, ನಾನು ನಂಬದೆ ಪರೀಕ್ಷೆ ಮಾಡಿದೆ. ಒಂದೇ ದಿನದ ಎರಡು ಟ್ರೇ ತೆಗೆದುಕೊಂಡೆ. ಒಂದನ್ನು ಎಂದಿನಂತೆ ತೊಳೆದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಎರಡನ್ನೂ ಒಂದೇ ಕೋಣೆಯಲ್ಲಿ ಹತ್ತು ದಿನ ಇಟ್ಟು ಒಡೆದೆ. ತೊಳೆದ ಮೂವತ್ತರಲ್ಲಿ ಐದು ವಾಸನೆ. ತೊಳೆಯದ ಮೂವತ್ತರಲ್ಲಿ ಒಂದೂ ಇಲ್ಲ. ಎರಡೇ ಟ್ರೇಯ ಪರೀಕ್ಷೆ ಅದು, ಆದರೂ ನನ್ನ ಬಕೆಟ್ ಬಿಡಿಸಲು ಅಷ್ಟು ಸಾಕಾಯಿತು. ನೀವೂ ಮಾಡಿ ನೋಡಿ, ಎರಡು ಟ್ರೇ ಖರ್ಚು.

ಹಾಗಾದರೆ ಕೊಳೆ ಮೊಟ್ಟೆಗೆ ಏನು ಮಾಡುವುದು? ಒಣ ತೆಂಗಿನ ನಾರು ಅಥವಾ ನಯವಾದ ಉಪ್ಪುಕಾಗದ ತೆಗೆದುಕೊಂಡು ಕೊಳೆ ಇದ್ದ ಜಾಗವನ್ನು ಮಾತ್ರ ಮೆಲ್ಲಗೆ ಉಜ್ಜಿ. ಒದ್ದೆ ಬಟ್ಟೆಯಂತೂ ಬೇಡವೇ ಬೇಡ, ಅದು ಕೊಳೆಯನ್ನು ಇಡೀ ಚಿಪ್ಪಿಗೆ ಹಚ್ಚುತ್ತದೆ. ಹೀಗೆ ಉಜ್ಜಿದವನ್ನು ಬೇರೆ ಟ್ರೇಯಲ್ಲಿಟ್ಟು ಮೊದಲು ಮಾರಿ, ದಿನಗಟ್ಟಲೆ ಇಡಬೇಡಿ. ತೀರಾ ಮೆತ್ತಿಕೊಂಡದ್ದನ್ನು ಮನೆಗೆ ಬೇಯಿಸಲು ತೊಳೆಯುವುದಾದರೆ ಕೈಗೆ ಚೆನ್ನಾಗಿ ಬಿಸಿ ಎನಿಸುವ ನೀರು ಬೇಕು, 40ರಿಂದ 45 ಡಿಗ್ರಿ. ಮೊಟ್ಟೆಗಿಂತ ನೀರು ಬಿಸಿ ಇದ್ದರೆ ಒಳಗಿನದು ಹಿಗ್ಗುತ್ತದೆ, ಎಳೆದುಕೊಳ್ಳುವುದಿಲ್ಲ. ನೆನೆಹಾಕದೆ ಸುರಿಯುವ ನೀರಲ್ಲಿ ತೊಳೆದು, ಒರೆಸಿ, ಆವತ್ತೇ ಬೇಯಿಸಿ.

ಆದರೆ ಒಂದು ಪ್ರಶ್ನೆ ಉಳಿಯಿತು. ಚಳಿಗಾಲದಲ್ಲಿ ಇಷ್ಟು ಕೊಳೆ ಮೊಟ್ಟೆ ಇರಲಿಲ್ಲ, ಬೇಸಿಗೆಯಲ್ಲೇ ಯಾಕೆ? ಇದಕ್ಕೆ ಉತ್ತರ ಶೆಡ್ಡಿನಲ್ಲಿ ಸಿಕ್ಕಿತು. ಬಿಸಿಲಿಗೆ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೇವು ಕಡಿಮೆ ತಿಂದು ನೀರು ಜಾಸ್ತಿ ಕುಡಿಯುತ್ತದೆ. ಹಿಕ್ಕೆ ನೀರಾಗುತ್ತದೆ. ನೀರಿನ ಡಬ್ಬಿಯ ಸುತ್ತ ಹೊಟ್ಟು ಒದ್ದೆಯಾಗುತ್ತದೆ, ಆ ಒದ್ದೆ ಕಾಲಲ್ಲೇ ಕೋಳಿ ಗೂಡು ಹತ್ತುತ್ತದೆ. ನಮ್ಮಲ್ಲಿ ಡಬ್ಬಿಗಳು ಗೂಡಿನ ಎದುರಿಗೇ ಇದ್ದವು. ಅವನ್ನು ಆಚೆ ಬದಿಗೆ ಸರಿಸಿದೆ, ಈಗ ಕೋಳಿ ಹದಿನೈದು ಅಡಿ ಒಣ ಹೊಟ್ಟಿನ ಮೇಲೆ ನಡೆದು ಬರಬೇಕು. ಅಷ್ಟರಲ್ಲಿ ಕಾಲು ಒರೆಸಿದ ಹಾಗಾಗುತ್ತದೆ. ಡಬ್ಬಿ ಸುತ್ತಲಿನ ಹೊಟ್ಟನ್ನು ದಿನಾ ಕೆದಕುತ್ತೇನೆ. ಮುಷ್ಟಿಯಲ್ಲಿ ಹಿಂಡಿ ಬಿಟ್ಟಾಗ ಉಂಡೆಯಾಗಿ ಉಳಿದರೆ ತೆಗೆದು ಹೊಸದು ಹಾಕುತ್ತೇನೆ.

ರಾತ್ರಿ ಗೂಡಿನಲ್ಲೇ ಮಲಗುವ ಕೋಳಿಗಳು ಇನ್ನೊಂದು ಕಾರಣ. ಮಲಗಿದಲ್ಲೇ ಹಿಕ್ಕೆ ಹಾಕುತ್ತವೆ, ಬೆಳಿಗ್ಗೆ ಅದರ ಮೇಲೇ ಮೊಟ್ಟೆ ಬೀಳುತ್ತದೆ. ಸಂಜೆ ಕೊನೆಯ ಸಲ ಮೊಟ್ಟೆ ತೆಗೆದ ಮೇಲೆ ಗೂಡಿನ ಬಾಯಿಗೆ ಹಲಗೆ ಅಡ್ಡ ಇಡಿ, ಬೆಳಕು ಹರಿಯುವ ಮೊದಲು ತೆಗೆಯಿರಿ. ಐದು ಹೇಂಟೆಗೆ ಒಂದು ಗೂಡಾದರೂ ಇರಬೇಕು, ಇಲ್ಲದಿದ್ದರೆ ನೆಲದ ಮೇಲೆ ಇಡುತ್ತವೆ. ಈ ಎರಡು ಮೂರು ಕೆಲಸದಿಂದ ನಮ್ಮ ಕೊಳೆ ಮೊಟ್ಟೆ ದಿನಕ್ಕೆ ಮೂವತ್ತರಿಂದ ಏಳೆಂಟಕ್ಕೆ ಇಳಿಯಿತು.

ಸೀಳು ಬಿಟ್ಟ ಮೊಟ್ಟೆಯನ್ನೂ ಹುಡುಕಿ ತೆಗೆಯಿರಿ. ಏದುಸಿರು ಬಿಡುವ ಕೋಳಿಯ ಮೊಟ್ಟೆಯ ಚಿಪ್ಪು ತೆಳ್ಳಗಾಗುತ್ತದೆ, ಬೇಸಿಗೆಯಲ್ಲಿ ಸೀಳು ಜಾಸ್ತಿ. ಎರಡು ಮೊಟ್ಟೆಯನ್ನು ಮೆಲ್ಲಗೆ ತಾಗಿಸಿದರೆ ಗಟ್ಟಿಯದು ಖಣ್ ಎನ್ನುತ್ತದೆ, ಸೀಳಿದ್ದು ಮಂದವಾಗಿ ಟಪ್ ಎನ್ನುತ್ತದೆ. ಒಂದು ಸೋರಿದರೆ ಕೆಳಗಿನ ಟ್ರೇ ಪೂರ್ತಿ ಹಾಳು. ಲೋಳೆ ಒಣಗಿದ ಪೇಪರ್ ಟ್ರೇಯನ್ನು ಮತ್ತೆ ಬಳಸಬೇಡಿ.

ಲೋಳೆ ನೀರಾಗಿದ್ದರೆ

ಇದು ಸೆಕೆಯ ಕೆಲಸ. ಇಲ್ಲಿ ಮೊದಲು ತಿಳಿಯಬೇಕಾದ್ದು ಕೋಣೆಯ ಸೆಕೆ ಎಷ್ಟು ಎಂದಲ್ಲ, ಮೊಟ್ಟೆಯ ಒಳಗೆ ಎಷ್ಟು ಎಂದು. ಗೋಡೆಗೆ ತೂಗು ಹಾಕಿದ ಥರ್ಮಾಮೀಟರ್ ಗಾಳಿಯದನ್ನು ಹೇಳುತ್ತದೆ, ಟ್ರೇಯ ನಡುವಿನ ಮೊಟ್ಟೆಯದನ್ನು ಹೇಳುವುದಿಲ್ಲ.

ನಾನು ಮಾಡಿದ್ದು ಹೀಗೆ. ಮೊಟ್ಟೆಯಷ್ಟೇ ಇರುವ ಒಂದು ಔಷಧಿ ಸೀಸೆಗೆ ನೀರು ತುಂಬಿ, ವೈರ್ ಇರುವ ಅಗ್ಗದ ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಅದರೊಳಗೆ ಬಿಟ್ಟೆ. ಸೀಸೆಯನ್ನು ಟ್ರೇಯಲ್ಲಿ ಒಂದು ಮೊಟ್ಟೆಯ ಜಾಗದಲ್ಲಿಟ್ಟೆ. ಒಂದು ಮೊಟ್ಟೆ ಬಿಸಿಯಾಗುವ, ತಣಿಯುವ ಲೆಕ್ಕ ಸುಮಾರಾಗಿ ಆ ಸೀಸೆಯೂ ತೋರಿಸುತ್ತದೆ.

ಸಿಮೆಂಟ್ ಶೀಟಿನ ಕೋಣೆಯಲ್ಲಿ ಮಧ್ಯಾಹ್ನ ಮೂರಕ್ಕೆ ಸೀಸೆ 37 ತೋರಿಸಿತು. ಇದನ್ನು ನಾನು ಊಹಿಸಿದ್ದೆ. ಊಹಿಸದೆ ಇದ್ದದ್ದು ಇನ್ನೊಂದು. ಸೀಸೆಗೆ ಬೆಚ್ಚಗಿನ ನೀರು ತುಂಬಿ, ಆಗಷ್ಟೇ ತಂದ ಮೊಟ್ಟೆಗಳ ನಡುವೆ ಇಟ್ಟು, ಐದು ಟ್ರೇಯನ್ನು ಒಂದರ ಮೇಲೊಂದು ಪೇರಿಸಿ 28 ಡಿಗ್ರಿ ಇದ್ದ ಒಳಕೋಣೆಯಲ್ಲಿಟ್ಟೆ. ಬೆಳಿಗ್ಗೆ ಹನ್ನೊಂದಕ್ಕೆ ಪೇರಿಸಿದ್ದು, ರಾತ್ರಿ ಒಂಬತ್ತಕ್ಕೂ ನಡುವಿನ ಟ್ರೇ 32 ಇತ್ತು! ಕೋಣೆ ತಂಪಿದ್ದರೂ ಮೊಟ್ಟೆ ತಂಪಾಗಿಲ್ಲ. ಪೇಪರ್ ಟ್ರೇ ಕಂಬಳಿ ಹೊದಿಸಿದ ಹಾಗೆ ಬಿಸಿಯನ್ನು ಹಿಡಿದಿಡುತ್ತದೆ. ಅದೇ ಟ್ರೇಗಳನ್ನು ಬಿಡಿಬಿಡಿಯಾಗಿ ಹರಡಿದಾಗ ಮಧ್ಯಾಹ್ನ ಎರಡರ ಹೊತ್ತಿಗೆ 29ಕ್ಕೆ ಬಂತು.

ಅವತ್ತಿನಿಂದ ನಮ್ಮಲ್ಲಿ ಒಂದೇ ಕಟ್ಟುಪಾಡು: ತಣಿಯುವ ಮೊದಲು ಪೇರಿಸುವಂತಿಲ್ಲ. ತಂದ ಮೊಟ್ಟೆಯನ್ನು ಹಲಗೆಯ ಮೇಲೆ ಟ್ರೇ ಟ್ರೇ ಹರಡಿ ಇಡುತ್ತೇವೆ, ಸಂಜೆ ಪೇರಿಸುತ್ತೇವೆ. ದಪ್ಪ ತುದಿ ಮೇಲೆ, ಚೂಪು ತುದಿ ಕೆಳಗೆ. ಆಗ ಹಳದಿ ನಡುವೆ ನಿಲ್ಲುತ್ತದೆ.

ಮೊಟ್ಟೆ ತೆಗೆಯುವ ಹೊತ್ತನ್ನೂ ಬದಲಿಸಿದೆವು. ಬಹಳಷ್ಟು ಮೊಟ್ಟೆ ಬೆಳಿಗ್ಗೆ ಏಳರಿಂದ ಹನ್ನೊಂದರ ಒಳಗೆ ಬೀಳುತ್ತವೆ. ಮೊದಲು ಮಧ್ಯಾಹ್ನ ಊಟದ ಮುಂಚೆ ಒಂದು, ಸಂಜೆ ಒಂದು ಸಲ ತೆಗೆಯುತ್ತಿದ್ದೆವು. ಈಗ ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ. ಗೂಡಿನಲ್ಲಿ ಬಿದ್ದಿರುವ ಪ್ರತಿ ಗಂಟೆಯೂ ಅದು ಕೋಳಿಯ ಮೈಬಿಸಿಯಲ್ಲೇ ಇರುತ್ತದೆ.

ತಂಪು ಜಾಗ ಕಟ್ಟಿದ ಬಗೆ, ಅದು ಎಲ್ಲಿ ಕೆಲಸ ಮಾಡುವುದಿಲ್ಲ

ಎಸಿ ಹಾಕುವ ಶಕ್ತಿ ನನಗಿಲ್ಲ. ತರಕಾರಿಗೆ ಕಟ್ಟುವ ಇಟ್ಟಿಗೆಯ ತಂಪುಪೆಟ್ಟಿಗೆಯನ್ನೇ ಕಟ್ಟಿದೆ. ಬೇವಿನ ಮರದ ನೆರಳಲ್ಲಿ ಇಟ್ಟಿಗೆಯ ಎರಡು ಗೋಡೆ, ನಡುವೆ ಮೂರು ಇಂಚು ಸಂದು, ಸಂದಿಗೆ ಹೊಳೆಯ ಮರಳು. ಸೊಂಟದ ಕೆಳಗೆ ಬರುವಷ್ಟು ಎತ್ತರ. ಮೇಲೆ ಗರಿಯ ಚಪ್ಪರ. ಬೆಳಿಗ್ಗೆ ಸಂಜೆ ಮರಳಿಗೂ ಇಟ್ಟಿಗೆಗೂ ನೀರು. ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೊತ್ತೊಯ್ಯುತ್ತದೆ, ಮಣ್ಣಿನ ಗಡಿಗೆಯ ನೀರು ತಂಪಾಗುವ ಹಾಗೆ. ಹೊರಗೆ 40 ಇದ್ದ ದಿನ ಒಳಗಿನ ಸೀಸೆ 27 ತೋರಿಸಿತು.

ಇದರಲ್ಲಿ ಎರಡು ತಪ್ಪು ಆಗುತ್ತವೆ. ಮೊದಲನೆಯದು, ಟ್ರೇ ಒದ್ದೆ ಗೋಡೆಗೆ ತಾಗುವುದು. ಮರದ ಮಣೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಟ್ರೇ ಕೈಗೆ ಮೆತ್ತಗೆ ಅನ್ನಿಸಿದರೆ, ಚಿಪ್ಪಿನ ಮೇಲೆ ಕಪ್ಪು ಅಥವಾ ಹಸಿರು ಬೂಷ್ಟಿನ ಚುಕ್ಕೆ ಕಂಡರೆ ನೀರು ಜಾಸ್ತಿಯಾಗಿದೆ, ಗಾಳಿ ಸಾಲದು. ಪೆಟ್ಟಿಗೆಯ ಮೇಲಿನ ಗರಿಯನ್ನು ಅರ್ಧ ಸರಿಸಿ, ಸಂಜೆಯ ನೀರು ನಿಲ್ಲಿಸಿ.

ಎರಡನೆಯದು ಊರಿನ ಹವೆ. ಗಾಳಿ ಒಣಗಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಏಪ್ರಿಲ್‌ಗೆ ಒಳ್ಳೆಯದು. ಮಂಗಳೂರು, ಕಾರವಾರದ ಬೆವರು ಸೆಕೆಯಲ್ಲಿ ಎರಡು ಮೂರು ಡಿಗ್ರಿಯೂ ಇಳಿಯುವುದು ಕಷ್ಟ, ಬರೀ ಬೂಷ್ಟು ಬರುತ್ತದೆ. ನಮ್ಮಲ್ಲೂ ಮುಂಗಾರು ಹಿಡಿದ ಮೇಲೆ ನಾನು ಮರಳಿಗೆ ನೀರು ಹಾಕುವುದಿಲ್ಲ. ಕರಾವಳಿಯವರು ದಿನಾ ಮಾರುವುದೇ ಸರಿ, ಇಲ್ಲವಾದರೆ ಫ್ರಿಜ್.

ಫ್ರಿಜ್ ಇರುವವರಿಗೆ ಒಂದು ಮಾತು. ನಮ್ಮೂರಲ್ಲಿ ಒಬ್ಬ ಹುಡುಗ ಮೊಟ್ಟೆಯನ್ನು ಫ್ರಿಜ್‌ನಲ್ಲಿಟ್ಟು, ಮಧ್ಯಾಹ್ನ ಬೈಕಿನ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದ. ತಣ್ಣಗಿನ ಚಿಪ್ಪಿಗೆ ಬಿಸಿ ಗಾಳಿ ತಾಗಿದರೆ ತಂಬಿಗೆ ಬೆವರುವ ಹಾಗೆ ಮೊಟ್ಟೆ ಬೆವರುತ್ತದೆ. ಆ ಹನಿಯಲ್ಲಿ ಮೇಲಿನ ಕೊಳೆ ಕರಗಿ ರಂಧ್ರಕ್ಕೆ ಇಳಿಯುತ್ತದೆ. ಬಕೆಟ್ ನೀರಿನದೇ ಕಥೆ. ಅಂಗಡಿಯಲ್ಲೂ ಫ್ರಿಜ್ ಇದ್ದು, ನಡುವೆ ತಂಪು ತಪ್ಪದಿದ್ದರೆ ಫ್ರಿಜ್ ಒಳ್ಳೆಯದೇ. ನಡುವೆ ತಪ್ಪುವುದಾದರೆ 26-27 ಡಿಗ್ರಿಯಲ್ಲಿ ಒಂದೇ ಸಮ ಇಟ್ಟು, ಬೇಗ ಮಾರುವುದು ನನ್ನ ಅನುಭವಕ್ಕೆ ವಾಸಿ. ಆ ಮೊಟ್ಟೆ ನಮ್ಮ ಒಣ ಹವೆಯಲ್ಲಿ ಬೆವರುವುದಿಲ್ಲ.

ಸಾಗಿಸುವುದು ಬೆಳಿಗ್ಗೆ ಎಂಟರ ಒಳಗೆ, ಅಥವಾ ಹೊತ್ತು ಇಳಿದ ಮೇಲೆ. ಟ್ರೇಯ ಮೇಲೆ ಒಣ ಗೋಣಿ. ಕಪ್ಪು ಪ್ಲಾಸ್ಟಿಕ್ ಹೊದಿಸಬೇಡಿ.

ಈಗ ನಾನು ಪ್ರತಿ ಟ್ರೇಯ ಅಂಚಿನಲ್ಲಿ ಪೆನ್ಸಿಲ್‌ನಿಂದ ತಾರೀಕು ಮತ್ತು ತೆಗೆದ ಹೊತ್ತನ್ನು ಬರೆಯುತ್ತೇನೆ. ಈ ವರ್ಷ ಮಾರ್ಚ್ ಕೊನೆಗೆ ಅರ್ಧ ಟ್ರೇ ವಾಪಸ್ ಬಂತು. ಬರೆದದ್ದನ್ನು ನೋಡಿದೆ: ಶನಿವಾರ, ಸಂಜೆ ನಾಲ್ಕು. ಆವತ್ತು ಮದುವೆಗೆ ಹೋಗಿ ಹತ್ತರ, ಹನ್ನೆರಡರ ಸಲ ತಪ್ಪಿಸಿದ್ದೆವು. ಒಡೆದು ನೋಡಿದರೆ ಲೋಳೆ ನೀರು, ವಾಸನೆ ಇಲ್ಲ, ಬಳೆ ಇಲ್ಲ. ಹುಡುಕಾಟ ಹತ್ತು ನಿಮಿಷದಲ್ಲಿ ಮುಗಿಯಿತು.

ನಿಮಗೆ ತರಲು ಹೇಳಿದ್ದ ಮೊಟ್ಟೆಗಳು ಅಲ್ಲಿ ಮೇಜಿನ ಮೇಲಿವೆ. ಪಕ್ಕದ ಕೋಣೆಯ ಕಿಟಕಿಗೆ ಗೋಣಿ ಕಟ್ಟಿ ಕತ್ತಲು ಮಾಡಿದ್ದೇವೆ, ರಟ್ಟು, ಟಾರ್ಚು, ತಟ್ಟೆ ಎಲ್ಲ ಇದೆ. ಯಾರು ಯಾವ ಹೊತ್ತಿಗೆ ತೆಗೆದದ್ದು, ತೊಳೆದದ್ದೋ ಇಲ್ಲವೋ, ಮೊದಲು ಚಿಪ್ಪಿನ ಮೇಲೆ ಪೆನ್ಸಿಲ್‌ನಿಂದ ಬರೆಯಿರಿ. ಆಮೇಲೆ ಐದೈದು ಜನ ಒಳಗೆ ಬನ್ನಿ, ಒಂದೊಂದಾಗಿ ನೋಡೋಣ.